ಶೇಷವನ್ನು ಕೆಳಗಿನಿಂದ ಮೇಲಕ್ಕೇ ಯಾಕೆ ಓದಬೇಕು?

ಎಲ್ಲರಿಗೂ ನಮಸ್ಕಾರ.

ದಶಮಾನ ಸಂಖ್ಯೆಯನ್ನು ಬೈನರಿಗೆ ಬದಲಾಯಿಸೋದು ಹೇಗೆ ಅಂತ ಕೇಳಿದರೆ ನಿಮ್ಮಲ್ಲಿ ಬಹಳಷ್ಟು ಜನ ಥಟ್ಟನೆ ಹೇಳುತ್ತೀರಿ: ಎರಡರಿಂದ ಭಾಗಿಸುತ್ತಾ ಹೋಗಬೇಕು, ಶೇಷ ಬರೆದುಕೊಳ್ಳಬೇಕು, ಕೊನೆಗೆ ಕೆಳಗಿನಿಂದ ಮೇಲಕ್ಕೆ ಓದಬೇಕು. ಸರಿಯಾದ ಉತ್ತರವೇ. ಆದರೆ ಕೆಳಗಿನಿಂದ ಮೇಲಕ್ಕೇ ಯಾಕೆ ಅಂತ ಮರುಪ್ರಶ್ನೆ ಹಾಕಿದರೆ ಉತ್ತರ ಅಷ್ಟು ಬೇಗ ಬರುವುದಿಲ್ಲ. ಇವತ್ತು ಅಲ್ಲಿಂದಲೇ ಶುರು ಮಾಡೋಣ. ಅದೊಂದು ಗೊತ್ತಾದರೆ, ಬೈನರಿಯಿಂದ ವಾಪಸ್ ಬರುವ ದಾರಿಯನ್ನು ಬೇರೆಯಾಗಿ ಕಲಿಯಬೇಕಾಗಿಲ್ಲ.

748 ಅನ್ನುವ ಸಂಖ್ಯೆ ತೆಗೆದುಕೊಳ್ಳೋಣ. ಬೈನರಿ ಆಮೇಲೆ. ಮೊದಲು ಇದನ್ನು ಸುಮ್ನೆ ಹತ್ತರಿಂದ ಭಾಗಿಸಿ ನೋಡಿ. ಭಾಗಲಬ್ಧ 74, ಶೇಷ 8. ಆ 74ನ್ನು ಮತ್ತೆ ಹತ್ತರಿಂದ ಭಾಗಿಸಿದರೆ 7, ಶೇಷ 4. ಇನ್ನೊಂದು ಸಲ ಭಾಗಿಸಿದರೆ 0, ಶೇಷ 7. ಬಂದ ಶೇಷಗಳು ಯಾವುವು? 8, 4, 7. ನಮ್ಮ ಸಂಖ್ಯೆಯ ಅಂಕಿಗಳೇ, ಆದರೆ ತಿರುಗುಮುರುಗಾಗಿ. ಹತ್ತರಿಂದ ಭಾಗಿಸಿದಾಗ ಮೊದಲು ಕೈಗೆ ಬರುವುದು ಬಿಡಿ ಸ್ಥಾನದ ಅಂಕಿ. ಹತ್ತು ಹತ್ತರ ಗುಂಪು ಮಾಡಿದ ಮೇಲೆ ಯಾವ ಗುಂಪಿಗೂ ಸೇರದೆ ಉಳಿದದ್ದು ಅದು. ಆಮೇಲೆ ಹತ್ತರ ಸ್ಥಾನ, ಆಮೇಲೆ ನೂರರ ಸ್ಥಾನ. ಬರೆಯುವಾಗ ನಾವು ದೊಡ್ಡ ಸ್ಥಾನವನ್ನು ಎಡಕ್ಕೆ ಇಡುತ್ತೇವೆ, ಭಾಗಾಕಾರವೋ ಚಿಕ್ಕ ಸ್ಥಾನವನ್ನು ಮೊದಲು ಕೊಡುತ್ತದೆ. ತಿರುಗಿಸಿ ಓದುವುದಕ್ಕೆ ಇಷ್ಟೇ ಕಾರಣ.

ಹತ್ತರ ಜಾಗದಲ್ಲಿ ಎರಡು ಇಟ್ಟರೆ ಬೈನರಿ:

```
748 ÷ 2 = 374   ಶೇಷ 0
374 ÷ 2 = 187   ಶೇಷ 0
187 ÷ 2 =  93   ಶೇಷ 1
 93 ÷ 2 =  46   ಶೇಷ 1
 46 ÷ 2 =  23   ಶೇಷ 0
 23 ÷ 2 =  11   ಶೇಷ 1
 11 ÷ 2 =   5   ಶೇಷ 1
  5 ÷ 2 =   2   ಶೇಷ 1
  2 ÷ 2 =   1   ಶೇಷ 0
  1 ÷ 2 =   0   ಶೇಷ 1
```

ಕೆಳಗಿನಿಂದ ಓದಿದರೆ 1011101100. ಇಲ್ಲಿ ಎರಡು ಕಡೆ ಜನ ಜಾಸ್ತಿ ಎಡವುತ್ತಾರೆ. ಒಂದು, ಮೇಲಿನಿಂದ ಕೆಳಗೆ ಓದಿಬಿಡುವುದು. ಆಗ 0011011101 ಬರುತ್ತದೆ, ಅದರ ಬೆಲೆ 221. ಇದನ್ನು ಹಿಡಿಯಲು ಲೆಕ್ಕ ಮಾಡಬೇಕಾಗಿಯೂ ಇಲ್ಲ. 748 ಸಮಸಂಖ್ಯೆ, ಹಾಗಾಗಿ ಅದರ ಬಲತುದಿಯ ಬಿಟ್ 0 ಆಗಿರಲೇಬೇಕು. 1 ಕಂಡರೆ ಎಲ್ಲೋ ಎಡವಟ್ಟಾಗಿದೆ ಅಂತಲೇ ಅರ್ಥ. ಇನ್ನೊಂದು, ಭಾಗಲಬ್ಧ 1 ಬಂದ ಕೂಡಲೇ ಕೆಲಸ ಮುಗಿಯಿತು ಅಂತ ನಿಲ್ಲಿಸುವುದು. ನಿಲ್ಲಿಸಬೇಕಾದದ್ದು ಭಾಗಲಬ್ಧ 0 ಆದಾಗ. ಕೊನೆಯ ಆ ಒಂದು ಸಾಲು ಬಿಟ್ಟರೆ ಹೋಗುವುದು ಎಲ್ಲಕ್ಕಿಂತ ದೊಡ್ಡ ಬಿಟ್. ಇಲ್ಲಿ ಅದರ ಬೆಲೆ 512, ಹಾಗಾಗಿ 748 ಹೋಗಿ 236 ಆಗುತ್ತದೆ. ಸಮ-ಬೆಸದ ಪರೀಕ್ಷೆಗೆ ಈ ತಪ್ಪು ಸಿಗುವುದಿಲ್ಲ, ಯಾಕೆಂದರೆ ಬಲತುದಿ ಸರಿಯಾಗಿಯೇ ಇರುತ್ತದೆ. ಎಡತುದಿಯನ್ನೂ ನೋಡಬೇಕು: ಹೀಗೆ ಭಾಗಿಸಿ ಬಂದ ಉತ್ತರ ಯಾವತ್ತೂ 1ರಿಂದಲೇ ಶುರುವಾಗುತ್ತದೆ.

ಒಂದು ಅಡ್ಡಮಾತು. ಛಂದಸ್ಸು ಓದಿದವರು ಈ ಕೆಲಸವನ್ನು ಬೇರೆ ವೇಷದಲ್ಲಿ ನೋಡಿರುತ್ತಾರೆ. ಲಘು-ಗುರುಗಳ ಎಲ್ಲ ಜೋಡಣೆಗಳನ್ನೂ ಸಾಲಾಗಿ ಬರೆದಿಡುವ ಪ್ರಸ್ತಾರದಲ್ಲಿ ಇಂತಿಷ್ಟನೇ ಸಾಲು ಯಾವುದು ಅಂತ ಕಂಡುಹಿಡಿಯಲು ಪಿಂಗಳ ಹೇಳಿದ ಕ್ರಮಕ್ಕೆ 'ನಷ್ಟ' ಅಂತ ಹೆಸರು. ಸಂಖ್ಯೆ ಸಮವಾಗಿದ್ದರೆ ಅರ್ಧ ಮಾಡಿ ಲಘು ಬರೆಯಿರಿ. ಬೆಸವಾಗಿದ್ದರೆ ಒಂದು ಕೂಡಿಸಿ ಅರ್ಧ ಮಾಡಿ ಗುರು ಬರೆಯಿರಿ. ಮೂರಕ್ಷರದ ಆರನೇ ಗಣ ಬೇಕಾ? 6 ಸಮ, ಲಘು, ಉಳಿದದ್ದು 3. ಅದು ಬೆಸ, ಗುರು. ಒಂದು ಕೂಡಿಸಿ ಅರ್ಧ ಮಾಡಿದರೆ 2. ಅದು ಸಮ, ಲಘು. ಲಘು, ಗುರು, ಲಘು: ಜಗಣ. ಸಾಲುಗಳನ್ನು ಸೊನ್ನೆಯಿಂದಲ್ಲ, ಒಂದರಿಂದ ಎಣಿಸುವುದರಿಂದ ಆ 'ಒಂದು ಕೂಡಿಸಿ' ಬಂದಿದೆ. ಅಲ್ಲಿ ತಿರುಗಿಸಿ ಓದುವ ತಾಪತ್ರಯವೂ ಇಲ್ಲ. ಬಂದ ಹಾಗೆ ಎಡದಿಂದ ಬರೆದುಕೊಂಡು ಹೋಗುವುದೇ.

ಈಗ ಹದಿನಾರು, ಅಂದರೆ ಹೆಕ್ಸ್. ಹದಿನಾರರಿಂದ ಭಾಗಿಸಿದರೆ ಶೇಷ 0ಯಿಂದ 15ರವರೆಗೆ ಏನು ಬೇಕಾದರೂ ಬರಬಹುದು. ಒಂದು ಸ್ಥಾನಕ್ಕೆ ಒಂದೇ ಚಿಹ್ನೆ ಇರಬೇಕು, ಅದಕ್ಕೇ 10ಕ್ಕೆ A, 11ಕ್ಕೆ B, ಹೀಗೆ 15ಕ್ಕೆ F.

```
748 ÷ 16 = 46   ಶೇಷ 12 → C
 46 ÷ 16 =  2   ಶೇಷ 14 → E
  2 ÷ 16 =  0   ಶೇಷ  2 → 2
```

ಉತ್ತರ 2EC. ಹತ್ತು ಸಾಲಿನ ಕೆಲಸ ಮೂರು ಸಾಲಿಗೆ ಇಳಿಯಿತು. ಕ್ಯಾಲ್ಕುಲೇಟರ್ ಹಿಡಿದು ಮಾಡುವವರು ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. 748ನ್ನು 16ರಿಂದ ಭಾಗಿಸಿದರೆ ಅದು 46.75 ಅಂತ ತೋರಿಸುತ್ತದೆ. ಚುಕ್ಕಿಯ ಆಚೆಗಿನ 75 ಶೇಷವಲ್ಲ. 0.75ನ್ನು ಮತ್ತೆ 16ರಿಂದ ಗುಣಿಸಿದರೆ ಬರುವ 12 ಶೇಷ. ಹದಿನಾರಕ್ಕಿಂತ ದೊಡ್ಡ ಶೇಷ ಬಂದಿದ್ದರೆ ಇದೇ ತಪ್ಪು ಆಗಿರಬಹುದು ಅಂತ ಮೊದಲು ನೋಡಿ.

ಇನ್ನೊಂದು ಜಾರುವ ಜಾಗ ಸೊನ್ನೆ. 1035 ತೆಗೆದುಕೊಳ್ಳಿ. 16ರಿಂದ ಭಾಗಿಸಿದರೆ 64, ಶೇಷ 11. 64ನ್ನು ಭಾಗಿಸಿದರೆ 4, ಶೇಷ ಏನೂ ಇಲ್ಲ. ಏನೂ ಉಳಿಯಲಿಲ್ಲ ಅಂತ ಬರೆಯದೇ ಮುಂದೆ ಹೋದರೆ ಉತ್ತರ 4B ಆಗುತ್ತದೆ, ಅಂದರೆ ಬರೀ 75. ಸರಿಯಾದ ಉತ್ತರ 40B. ಏನೂ ಉಳಿಯದಿದ್ದರೂ ಆ ಸ್ಥಾನ ಇದ್ದೇ ಇರುತ್ತದೆ. ಅದನ್ನು ಹಿಡಿದಿಡಲು 0 ಬರೆಯಲೇಬೇಕು.

ಬೈನರಿಗೂ ಹೆಕ್ಸ್‌ಗೂ ನಡುವೆ ಭಾಗಾಕಾರವೇ ಬೇಡ. ಎರಡರಿಂದ ನಾಲ್ಕು ಸಲ ಭಾಗಿಸುವುದೂ ಹದಿನಾರರಿಂದ ಒಂದು ಸಲ ಭಾಗಿಸುವುದೂ ಒಂದೇ ಅಲ್ವಾ? ಮೊದಲಿನ ಪಟ್ಟಿಯಲ್ಲಿ ನಾಲ್ಕನೇ ಸಾಲಿನ ಭಾಗಲಬ್ಧ ನೋಡಿ: 46. ಎಂಟನೇ ಸಾಲಿನದು 2. ಹದಿನಾರರ ಪಟ್ಟಿಯಲ್ಲಿ ಬಂದದ್ದೂ ಇವೇ. ಹಾಗಾಗಿ ನಾಲ್ಕು ಬಿಟ್‌ಗೆ ಒಂದು ಹೆಕ್ಸ್ ಅಂಕಿ. 10 1110 1100 ಅಂತ ಒಡೆದರೆ 2, E, C. ಒಡೆಯುವಾಗ ಬಲದಿಂದ ಶುರು ಮಾಡಿ, ಯಾಕೆಂದರೆ ಬಿಡಿ ಸ್ಥಾನ ಇರುವುದು ಅಲ್ಲಿ. ಎಡದಿಂದ ಒಡೆದರೆ 1011 1011 00 ಆಗಿ BB0 ಅಂತ ಓದುತ್ತೀರಿ, ಅದು 2992. ಸರಿಯಾಗಿ ನಾಲ್ಕು ಪಟ್ಟು, ಯಾಕೆಂದರೆ ಕೊನೆಯ ಗುಂಪು ತುಂಬಿಸಲು ನಿಮಗೆ ಗೊತ್ತಿಲ್ಲದೆಯೇ ಬಲಕ್ಕೆ ಎರಡು ಸೊನ್ನೆ ಸೇರಿಸಿದ್ದೀರಿ. ದೊಡ್ಡ ಸಂಖ್ಯೆಗೆ ಬೈನರಿ ಬೇಕಾದಾಗಲೂ ನಾನು ಮೊದಲು ಹೆಕ್ಸ್‌ಗೆ ಹೋಗಿ, ಆಮೇಲೆ ಒಂದೊಂದು ಅಂಕಿಯನ್ನೂ ನಾಲ್ಕು ಬಿಟ್ ಆಗಿ ಬಿಡಿಸುತ್ತೇನೆ. ಸಾಲು ಕಡಿಮೆಯಾದಷ್ಟೂ ತಪ್ಪು ಕಡಿಮೆ.

ಇನ್ನು ವಾಪಸ್ ಬರುವುದು. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸ್ಥಾನಬೆಲೆಯಿಂದ ಗುಣಿಸಿ ಕೂಡಿಸಲು ಹೇಳುತ್ತಾರೆ: 2×256 + 14×16 + 12, ಅಂದರೆ 512 + 224 + 12, ಒಟ್ಟು 748. ಇದರಲ್ಲಿ ತಪ್ಪೇನಿಲ್ಲ. ಆದರೆ 256, 4096 ಅಂತೆಲ್ಲ ನೆನಪಿಟ್ಟುಕೊಳ್ಳಬೇಕು. ನನಗೆ ಇಷ್ಟವಾಗುವುದು ಇಳಿದ ಮೆಟ್ಟಿಲನ್ನೇ ಹತ್ತಿಕೊಂಡು ಬರುವ ಕ್ರಮ. ಹೋಗುವಾಗ ಭಾಗಿಸಿ ಶೇಷವನ್ನು ತೆಗೆದಿಟ್ಟಿದ್ದೆವು. ಬರುವಾಗ ಗುಣಿಸಿ ಶೇಷವನ್ನು ವಾಪಸ್ ಸೇರಿಸೋಣ. ಎಡತುದಿಯ 2ರಿಂದ ಶುರು. 2×16 + 14 = 46. 46×16 + 12 = 748. ಮುಗಿಯಿತು.

ನಡುವೆ ಬಂದ 46 ಪರಿಚಯದ ಮುಖ ಅಲ್ವಾ? ಹೋಗುವಾಗಿನ ಭಾಗಲಬ್ಧವೇ ಅದು. ಬೈನರಿಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. 1011101100 ಅನ್ನು ಎಡದಿಂದ ಓದುತ್ತಾ, ಪ್ರತಿ ಸಲ ಎರಡರಷ್ಟು ಮಾಡಿ ಮುಂದಿನ ಬಿಟ್ ಕೂಡಿಸಿ: 1, 2, 5, 11, 23, 46, 93, 187, 374, 748. ಮೊದಲ ಪಟ್ಟಿಯ ಭಾಗಲಬ್ಧಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದ ಹಾಗೆಯೇ ಇದೆ. ಹಾಗಾಗಿ ಉತ್ತರ ತಾಳೆಯಾಗದಿದ್ದರೆ ಎಲ್ಲವನ್ನೂ ಮೊದಲಿಂದ ಮಾಡಬೇಡಿ. ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದರೆ, ಯಾವ ಸಂಖ್ಯೆಯಲ್ಲಿ ಬೇರೆಯಾಗುತ್ತವೋ ತಪ್ಪು ಅಲ್ಲೇ ಇರುತ್ತದೆ. ಸ್ಥಾನಬೆಲೆ ಕೂಡಿಸುವ ಕ್ರಮದಲ್ಲಿ ಈ ಅನುಕೂಲ ಇಲ್ಲ. ಅದು ಒಟ್ಟು ತಪ್ಪಿದೆ ಅನ್ನುತ್ತದೆ, ಎಲ್ಲಿ ತಪ್ಪಿದೆ ಅನ್ನುವುದಿಲ್ಲ. ಈ ಗುಣಿಸಿ ಕೂಡಿಸುವ ಕ್ರಮವನ್ನು ಹಾರ್ನರ್ ವಿಧಾನ ಅಂತ ಕರೆಯುತ್ತಾರೆ.

ಇದೇ ಭಾಗಾಕಾರವನ್ನು ಪೈಥಾನ್‌ನಲ್ಲಿ ಬರೆದರೆ ಹೀಗಿರುತ್ತದೆ:

```python
def to_base(n, b):
    if n == 0:
        return "0"
    s = ""
    while n > 0:
        s = "0123456789ABCDEF"[n % b] + s
        n = n // b
    return s
```

`%` ಶೇಷ ಕೊಡುತ್ತದೆ, `//` ಭಾಗಲಬ್ಧ ಕೊಡುತ್ತದೆ. ಹೊಸ ಅಂಕಿಯನ್ನು `s`ನ ಎಡಕ್ಕೆ ಅಂಟಿಸಿರುವುದರಿಂದ ತಿರುಗಿಸಿ ಓದುವ ಕೆಲಸ ಅಲ್ಲೇ ಆಗಿಹೋಗುತ್ತದೆ. ಮೊದಲೆರಡು ಸಾಲು ಯಾಕೆ ಬೇಕು ಅಂದರೆ, ಸೊನ್ನೆ ಕೊಟ್ಟಾಗ ಕೆಳಗಿನ ಲೂಪ್ ಒಮ್ಮೆಯೂ ಓಡುವುದಿಲ್ಲ, ಉತ್ತರ ಖಾಲಿಯಾಗಿ ಬರುತ್ತದೆ. ನಿಮ್ಮ ಉತ್ತರವನ್ನು ಪರೀಕ್ಷಿಸಲು `int("2EC", 16)` ಅಂತ ಟೈಪ್ ಮಾಡಿ. 748 ಬಂದರೆ ಸರಿ.

ಋಣ ಸಂಖ್ಯೆ ಕೊಟ್ಟರೆ? -7 ಕೊಟ್ಟರೂ ಲೂಪ್ ಓಡುವುದಿಲ್ಲ, ಖಾಲಿ ಉತ್ತರವೇ. ಕೆಲವರು ಇದನ್ನು ಸರಿಮಾಡಲು `n > 0` ತೆಗೆದು `n != 0` ಅಂತ ಹಾಕುತ್ತಾರೆ. ಆಗ ಪ್ರೋಗ್ರಾಂ ನಿಲ್ಲುವುದೇ ಇಲ್ಲ. ಏನಾಗುತ್ತದೆ ಅಂತ ಕೈಯಲ್ಲೇ ಮಾಡಿ ನೋಡೋಣ. ಪೈಥಾನ್ ಭಾಗಲಬ್ಧವನ್ನು ಯಾವಾಗಲೂ ಕೆಳಕ್ಕೆ ಇಳಿಸುತ್ತದೆ. ಅದಕ್ಕೇ -7ನ್ನು 2ರಿಂದ ಭಾಗಿಸಿದರೆ -4, ಶೇಷ 1. -4 ಆದ ಮೇಲೆ -2, ಶೇಷ 0. ಆಮೇಲೆ -1, ಶೇಷ 0. ಆಮೇಲೆ ಮತ್ತೆ -1, ಶೇಷ 1. ಇಲ್ಲಿಂದ ಮುಂದೆ -1 ಬಿಟ್ಟು ಅಲ್ಲಾಡುವುದಿಲ್ಲ, 1 ಅನ್ನುವ ಶೇಷ ಬರುತ್ತಲೇ ಇರುತ್ತದೆ. ಆದರೆ ಬಂದದ್ದು ಕಸವಲ್ಲ. ಎಂಟು ಶೇಷ ಆದ ಮೇಲೆ ನಿಲ್ಲಿಸಿ ಕೆಳಗಿನಿಂದ ಓದಿ: 11111001. ಈಗಿನ ಕಂಪ್ಯೂಟರ್‌ಗಳು -7ನ್ನು ಒಂದು ಬೈಟ್‌ನಲ್ಲಿ ಇಟ್ಟುಕೊಳ್ಳುವುದು ಹೀಗೆಯೇ.