ಮತ ಬದಲಾಯಿಸಿದ ಮಗಳಿಗೆ ಅಪ್ಪನ ತೋಟದಲ್ಲಿ ಪಾಲು ಇದೆಯಾ?

ನಮಸ್ಕಾರ. "ಅವಳು ಮತಾಂತರ ಆದಳಲ್ಲ, ಇನ್ನು ಅವಳಿಗೆಂಥ ಪಾಲು?" ಕಾಸರಗೋಡಿನ ಮನೆಗಳಲ್ಲಿ ಪಾಲಿನ ಮಾತು ಬಂದಾಗ ಹೀಗೆ ಹೇಳುವವರಿದ್ದಾರೆ. ಇದನ್ನು ನಂಬಿ ಸುಮ್ನೆ ಸಹಿ ಹಾಕಬೇಡಿ. ಆ ಮಾತು ತಪ್ಪು.

ಒಂದು ಉದಾಹರಣೆ ನೋಡೋಣ. ಬದಿಯಡ್ಕದ ಹತ್ತಿರ ಒಂದು ಹಿಂದೂ ಕುಟುಂಬ. ಅಪ್ಪನ ಸ್ವಂತ ದುಡಿಮೆಯ 1 ಎಕರೆ 20 ಸೆಂಟ್ಸ್ ಅಡಿಕೆ ತೋಟ. ವಿಲ್ ಬರೆಯದೆ ತೀರಿಕೊಂಡರು. ಅವರ ತಾಯಿ ಮೊದಲೇ ಹೋಗಿದ್ದಾರೆ. ಈಗ ಇರುವವರು ಹೆಂಡತಿ, ಮಗ ಮತ್ತು ಮಗಳು. ಮಗಳು ಕ್ರೈಸ್ತಳಾಗಿದ್ದಾಳೆ.

(ಪರದೆಯಲ್ಲಿ ತೋಟದ ನಕ್ಷೆ, ಮೂರು ಭಾಗ)

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, ಮತ ಬದಲಾಯಿಸಿದಳು ಅಂತ ಮಗಳ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ. ಮೂವರಿಗೂ 40 ಸೆಂಟ್ಸ್.

ಹಾಗಾದರೆ ಈ ತಪ್ಪು ತಿಳುವಳಿಕೆ ಎಲ್ಲಿಂದ ಬಂತು? ಅದೇ ಕಾಯ್ದೆಯ 26ನೇ ಸೆಕ್ಷನ್ನಿಂದ ಇರಬೇಕು. ಅದು ತಡೆಯುವುದು ಮತ ಬದಲಾಯಿಸಿದವರನ್ನಲ್ಲ, ಆಮೇಲೆ ಅವರಿಗೆ ಹುಟ್ಟಿದ ಮಕ್ಕಳನ್ನು.

ಉದಾಹರಣೆಯನ್ನು ಸ್ವಲ್ಪ ಬದಲಿಸೋಣ. ಮಗಳು ಅಪ್ಪನಿಗಿಂತ ಮೊದಲೇ ತೀರಿಕೊಂಡಿದ್ದಾಳೆ, ಅವಳಿಗೆ ಇಬ್ಬರು ಮಕ್ಕಳು. ದೊಡ್ಡವನು ಹುಟ್ಟಿದ್ದು ಅವಳು ಕ್ರೈಸ್ತಳಾಗುವ ಮೊದಲು, ಚಿಕ್ಕವಳು ಹುಟ್ಟಿದ್ದು ಆಮೇಲೆ. ಅಮ್ಮನ 40 ಸೆಂಟ್ಸ್ ಇಬ್ಬರಿಗೂ ಹಂಚಿಕೆ ಆಗಬೇಕಿತ್ತು, ಅಲ್ವಾ? ಆಗುವುದಿಲ್ಲ. ಪೂರ್ತಿ ದೊಡ್ಡವನಿಗೆ. ಅಜ್ಜ ತೀರಿದ ದಿನ ಚಿಕ್ಕವಳು ಹಿಂದೂ ಆಗಿದ್ದರೆ ಮಾತ್ರ 20 ಸೆಂಟ್ಸ್ ಸಿಗುತ್ತಿತ್ತು. ಆ ದಿನ ಕಳೆದ ಮೇಲೆ ಹಿಂದೂ ಆದರೂ ಪ್ರಯೋಜನ ಇಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗೆ ಈ ಭೇದ ಅನ್ಯಾಯ ಅಂತ ನನಗನ್ನಿಸುತ್ತದೆ. ಆದರೆ ಕಾನೂನು ಇರುವುದು ಹೀಗೆ.

ಮತ ಬದಲಾಯಿಸಿದ್ದು ತೀರಿಕೊಂಡ ಅಪ್ಪನೇ ಆಗಿದ್ದರೆ? ಆಗ ನೋಡುವುದು, ಸಾಯುವಾಗ ಅವರು ಯಾವ ಮತದಲ್ಲಿದ್ದರು ಅಂತ. ಕ್ರೈಸ್ತರಾಗಿದ್ದರೆ ಭಾರತೀಯ ಉತ್ತರಾಧಿಕಾರ ಕಾಯ್ದೆ: ಹೆಂಡತಿಗೆ ಮೂರರಲ್ಲಿ ಒಂದು, ಉಳಿದದ್ದು ಮಕ್ಕಳಿಗೆ. ಮಕ್ಕಳು ಹಿಂದೂಗಳಾಗೇ ಇದ್ದರೂ ಸಿಗುತ್ತದೆ. ಮುಸ್ಲಿಮರಾಗಿದ್ದರೆ ಕಥೆ ಬೇರೆ. ಮುಸ್ಲಿಂ ಕಾನೂನಿನಲ್ಲಿ ಹಿಂದೂ ಮಕ್ಕಳು ವಾರಸುದಾರರಲ್ಲ. ಅವರಿಗೆ ಕೊಡಬೇಕೆಂದಿದ್ದರೆ ಅಪ್ಪ ಬದುಕಿರುವಾಗಲೇ ದಾನಪತ್ರ ಮಾಡಬೇಕು, ಇಲ್ಲವೇ ಮೂರನೇ ಒಂದು ಭಾಗದವರೆಗೆ ವಿಲ್ ಬರೆಯಬೇಕು.

ಇನ್ನು ಹಿಂದೂ ಅಜ್ಜನ ವಿಷಯ. 26ನೇ ಸೆಕ್ಷನ್ ಬರುವುದು ವಿಲ್ ಇಲ್ಲದಾಗ ಮಾತ್ರ. ಚಿಕ್ಕ ಮೊಮ್ಮಗಳಿಗೂ ಸಿಗಲಿ ಅಂತಿದ್ದರೆ, ಅವಳ ಹೆಸರು ಬರೆದು ಒಂದು ವಿಲ್ ಮಾಡಿದರೆ ಸಾಕು.

ಕೊನೆಗೆ ಒಂದು ಎಚ್ಚರಿಕೆ. ತಾಲೂಕು ಕಚೇರಿಯ ವಾರಸುದಾರರ ಸರ್ಟಿಫಿಕೇಟಿಗೆ ಅರ್ಜಿ ಹಾಕುವಾಗ ಮತ ಬದಲಾಯಿಸಿದ ಮಗಳ ಹೆಸರನ್ನು ಬಿಟ್ಟುಬಿಡುವುದುಂಟು. ಹೆಸರು ಬಿಟ್ಟರೆ ಹಕ್ಕು ಹೋಗುವುದಿಲ್ಲ. ಮೊದಲು ತಹಶೀಲ್ದಾರರಿಗೆ ಲಿಖಿತ ಆಕ್ಷೇಪಣೆ ಕೊಡಿ. ಸರಿಹೋಗದಿದ್ದರೆ ಸಿವಿಲ್ ಕೋರ್ಟಿನಲ್ಲಿ ಪಾಲಿನ ದಾವೆ ಹೂಡಬಹುದು. ಮಕ್ಕಳ ಜನನ ಪ್ರಮಾಣಪತ್ರ ಮತ್ತು ಮತ ಬದಲಾಯಿಸಿದ ತಾರೀಕಿನ ದಾಖಲೆ, ಎರಡನ್ನೂ ವಕೀಲರ ಬಳಿಗೆ ಒಯ್ಯಿರಿ.