ನಮ್ಮ ಮನೆಯ ಹಣದುಬ್ಬರ ಎಷ್ಟು?

ಕೇಳುಗರಿಗೆ ನಮಸ್ಕಾರ.

2025ರ ನವೆಂಬರ್ 12ರಂದು ಕೇಂದ್ರ ಸರ್ಕಾರ ಅಕ್ಟೋಬರ್ ತಿಂಗಳ ಚಿಲ್ಲರೆ ಹಣದುಬ್ಬರದ ಲೆಕ್ಕ ಕೊಟ್ಟಿತು. ಅದು ಶೇಕಡಾ 0.25. ಅಂದರೆ ವರ್ಷದ ಹಿಂದೆ ನೂರು ರೂಪಾಯಿಗೆ ಬರುತ್ತಿದ್ದ ಸಾಮಾನಿಗೆ ಆ ಅಕ್ಟೋಬರಿನಲ್ಲಿ ನೂರು ರೂಪಾಯಿ ಇಪ್ಪತ್ತೈದು ಪೈಸೆ. ತಿನ್ನುವ ಸಾಮಾನಿನ ಬೆಲೆಯಂತೂ ಒಟ್ಟಾರೆ ಶೇಕಡಾ ಐದರಷ್ಟು ಇಳಿದಿತ್ತು. ಕರಾವಳಿಯ ಅಡುಗೆಮನೆಗಳಲ್ಲಿ ಈ ಸುದ್ದಿ ಕೇಳಿದವರು ನಕ್ಕಿರಬೇಕು. ಯಾಕೆಂದರೆ ಆ ವರ್ಷ ತೆಂಗಿನಕಾಯಿ, ಕೊಬ್ಬರಿ ಎಣ್ಣೆ ಮುಟ್ಟಿದರೆ ಕೈ ಸುಡುತ್ತಿತ್ತು.

ಸರ್ಕಾರದ ಲೆಕ್ಕ ತಪ್ಪಲ್ಲ. ಅದು ಇಡೀ ದೇಶದ ಮನೆಗಳು ಕೊಳ್ಳುವ ಸಾಮಾನಿನ ಬುಟ್ಟಿ. ಕಾಯಿ ತುರಿಯದೆ ಅಡುಗೆ ಮಾಡುವ ಕೋಟಿಗಟ್ಟಲೆ ಮನೆಗಳೂ ಅದರಲ್ಲಿವೆ. ನಮ್ಮ ಮನೆಯ ಬುಟ್ಟಿ ಬೇರೆ. ಅದರ ಲೆಕ್ಕ ಬೇಕಿದ್ದರೆ ನಾವೇ ಇಡಬೇಕು. ಮೊಬೈಲಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ ಒಂದು ಸ್ಪ್ರೆಡ್‌ಶೀಟ್ ಇದ್ದರೆ ಸಾಕು.

ಮೊದಲು ಹಾಳೆಯಲ್ಲಿ ಏನು ಬರೆಯಬೇಕು ಅಂತ ನೋಡೋಣ. ತಾರೀಕು, ಸಾಮಾನು, ಅದರ ತಳಿ ಅಥವಾ ಬ್ರ್ಯಾಂಡ್, ಅಂಗಡಿ, ಕೊಟ್ಟ ಹಣ, ತೂಕ ಅಥವಾ ಅಳತೆ. ಕೊಟ್ಟ ಹಣ ಅಂದರೆ ನಿಜವಾಗಿ ಕೊಟ್ಟದ್ದು, ಪ್ಯಾಕೆಟ್ ಮೇಲೆ ಅಚ್ಚಾದ ಎಂಆರ್‌ಪಿ ಅಲ್ಲ. ಕೊನೆಯ ಕಾಲಂನಲ್ಲಿ ಹಣವನ್ನು ಅಳತೆಯಿಂದ ಭಾಗಿಸಿ, ಕೆಜಿಗೆ ಅಥವಾ ಲೀಟರಿಗೆ ಎಷ್ಟು ಬಿತ್ತು ಅಂತ ತೆಗೆಯಬೇಕು. ಈ ಕೊನೆಯ ಕಾಲಂ ಇಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಯಾಕೆ ಅಂತ ಹಾಲಿನ ಪ್ಯಾಕೆಟ್ ನೋಡಿ ಹೇಳಬಹುದು. 2024ರ ಜೂನ್‌ನಲ್ಲಿ ನಂದಿನಿ ನೀಲಿ ಪ್ಯಾಕೆಟ್ 42 ರೂಪಾಯಿಯಿಂದ 44 ಆಯಿತು. ಆದರೆ ಪ್ಯಾಕೆಟ್ಟಿನಲ್ಲಿ ಹಾಲು 1,000 ಮಿಲಿಲೀಟರಿನಿಂದ 1,050ಕ್ಕೆ ಏರಿತು. ಲೆಕ್ಕ ಹಾಕಿದರೆ ಲೀಟರಿಗೆ 41 ರೂಪಾಯಿ 90 ಪೈಸೆ. ಅಂದರೆ ದರ ಏರಲೇ ಇಲ್ಲ, ಹತ್ತು ಪೈಸೆ ಇಳಿದಿತ್ತು. ಕೈಯಿಂದ ಹೋದ ಹಣ ಮಾತ್ರ ಜಾಸ್ತಿಯಾಯಿತು. 2025ರ ಏಪ್ರಿಲ್‌ನಲ್ಲಿ ಪ್ಯಾಕೆಟ್ ಮತ್ತೆ ಒಂದು ಲೀಟರಿಗೆ ಇಳಿಯಿತು, ಬೆಲೆ 46 ಆಯಿತು. ಪ್ಯಾಕೆಟ್ ಲೆಕ್ಕದಲ್ಲಿ ಏರಿದ್ದು ಎರಡೇ ರೂಪಾಯಿ, ಶೇಕಡಾ ನಾಲ್ಕೂವರೆ. ಲೀಟರ್ ಲೆಕ್ಕದಲ್ಲಿ ಶೇಕಡಾ 9.8. ಬರೀ ಪ್ಯಾಕೆಟ್ ಬೆಲೆ ಬರೆದವರಿಗೆ ಎರಡು ಸಲವೂ ತಪ್ಪು ಉತ್ತರ, ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಎಣ್ಣೆಯ ಪೌಚ್, ಬಿಸ್ಕತ್ತು, ಸೋಪು, ಎಲ್ಲದರಲ್ಲೂ ಈ ಅಳತೆಯ ಆಟ ಇದ್ದದ್ದೇ.

ತೆಂಗಿನಕಾಯಿಯ ತಾಪತ್ರಯ ಇನ್ನೊಂದು ಬಗೆಯದು. ಕೆಲವು ಕಡೆ ಕಾಯಿಗೆ ಇಷ್ಟು ಅಂತ ಮಾರುತ್ತಾರೆ, ಕೆಲವು ಕಡೆ ತೂಗಿ ಕೊಡುತ್ತಾರೆ. ಬೆಲೆ ಏರಿದಾಗ ಅದೇ ದುಡ್ಡಿಗೆ ಕಾಯಿ ಸಣ್ಣದಾಗುವುದೂ ಉಂಟು. ಒಂದು ಅಳತೆ ಹಿಡಿದು ಅದರಲ್ಲೇ ಇರಬೇಕು. ತೂಗಿ ಬರೆದರೆ ಒಳ್ಳೆಯದು. ಕಾಯಿ ಲೆಕ್ಕವೇ ಆದರೆ ಒಂದೇ ಗಾತ್ರದ್ದು ತನ್ನಿ.

ಈಗ ಬುಟ್ಟಿಯ ಲೆಕ್ಕ. ಆರೇ ಸಾಮಾನು ಇರುವ ಒಂದು ಮನೆಯ ಹಾಳೆ ಹೀಗಿದೆ ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಮೂವತ್ತು ಲೀಟರ್ ಹಾಲು, ಹದಿನೈದು ಕೆಜಿ ಕುಚ್ಚಲಕ್ಕಿ, ಮೂರು ಕೆಜಿ ತೊಗರಿಬೇಳೆ, ಐದು ಕೆಜಿ ಈರುಳ್ಳಿ, ಇಪ್ಪತ್ತೈದು ಕಾಯಿ, ಎರಡು ಲೀಟರ್ ಕೊಬ್ಬರಿ ಎಣ್ಣೆ. ಮೊದಲ ಅಕ್ಟೋಬರಿಗೂ ಮುಂದಿನ ಅಕ್ಟೋಬರಿಗೂ ನಡುವೆ ಅಕ್ಕಿ 56ರಿಂದ 54ಕ್ಕೆ ಇಳಿಯಿತು. ಬೇಳೆ 170ರಿಂದ 120ಕ್ಕೆ, ಈರುಳ್ಳಿ 60ರಿಂದ 25ಕ್ಕೆ. ಹಾಲು ಆಗಲೇ ಹೇಳಿದ ಹಾಗೆ 41.90ರಿಂದ 46. ಕಾಯಿ 35ರಿಂದ 55, ಎಣ್ಣೆ 240ರಿಂದ 420.

ಸಾಮಾನ್ಯವಾಗಿ ಎಲ್ಲರೂ ಮಾಡುವುದೇನು? ಒಂದೊಂದರ ಶೇಕಡಾ ತೆಗೆದು, ಕೂಡಿಸಿ, ಆರರಿಂದ ಭಾಗಿಸುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಎಂಟೂವರೆಯ ಹತ್ತಿರ ಬರುತ್ತದೆ. ಅದು ಸರಿಯಲ್ಲ. ಮುನ್ನೂರು ರೂಪಾಯಿಯ ಈರುಳ್ಳಿಗೂ ಸಾವಿರದ ಮೇಲಿನ ಹಾಲಿಗೂ ಒಂದೇ ತೂಕ ಕೊಟ್ಟಂತಾಯಿತು, ಅಲ್ವಾ? ಅದರ ಬದಲು ಅಳತೆಗಳನ್ನು ಬದಲಿಸದೆ ಹಾಗೇ ಇಟ್ಟು, ಹಳೆ ದರದಲ್ಲಿ ಒಟ್ಟು ಎಷ್ಟು, ಹೊಸ ದರದಲ್ಲಿ ಒಟ್ಟು ಎಷ್ಟು ಅಂತ ನೋಡಬೇಕು. ಹಾಳೆಯಲ್ಲಿ SUMPRODUCT ಅನ್ನುವ ಸೂತ್ರ ಹಾಕಿದರೆ ದರವನ್ನೂ ಅಳತೆಯನ್ನೂ ಗುಣಿಸಿ ಅದೇ ಕೂಡಿಸಿ ಕೊಡುತ್ತದೆ. ನಮ್ಮ ಲೆಕ್ಕದಲ್ಲಿ ಹಳೆಯದು 4,262 ರೂಪಾಯಿ, ಹೊಸದು 4,890. ಏರಿಕೆ ಶೇಕಡಾ 14.7.

ಇನ್ನು ಇದೇ ಹಾಳೆಯಿಂದ ಕಾಯಿ ಮತ್ತು ಕೊಬ್ಬರಿ ಎಣ್ಣೆಯ ಎರಡು ಸಾಲು ತೆಗೆದು ನೋಡಿ. ಉಳಿದ ನಾಲ್ಕು ಸಾಮಾನಿನ ಒಟ್ಟು 2,907ರಿಂದ 2,675ಕ್ಕೆ ಇಳಿದಿದೆ. ಶೇಕಡಾ ಎಂಟು ಕಡಿಮೆ! ಅದೇ ಊರು, ಅದೇ ಅಂಗಡಿ, ಅದೇ ವರ್ಷ. ಕಾಯಿ ಬಳಸದ ಪಕ್ಕದ ಮನೆಯವರು ಬೆಲೆ ಇಳಿದಿದೆ ಅಂದರೆ ಅವರು ಸುಳ್ಳು ಹೇಳುತ್ತಿಲ್ಲ.

ಅಳತೆ ಬದಲಿಸಬಾರದು ಅಂದೆ. ಇದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ಕಾಯಿ ತುಟ್ಟಿಯಾದಾಗ ಯಾರೂ ಇಪ್ಪತ್ತೈದು ತರುವುದಿಲ್ಲ. ಚಟ್ನಿಗೆ ಹುರಿಗಡಲೆ ಜಾಸ್ತಿ ಬೀಳುತ್ತದೆ, ಸಾರಿಗೆ ಅರಪ್ಪು ತೆಳ್ಳಗಾಗುತ್ತದೆ. ತಿಂಗಳಿಗೆ ಹದಿನೈದೇ ತಂದರೆ ಕಾಯಿಯ ಖರ್ಚು 875ರಿಂದ 825ಕ್ಕೆ ಇಳಿಯುತ್ತದೆ. ಬಿಲ್ಲು ಮಾತ್ರ ನೋಡುವವರಿಗೆ ಉಳಿತಾಯ ಕಾಣುತ್ತದೆ. ಆದರೆ ದರ ಶೇಕಡಾ 57 ಏರಿದೆ, ನಾವು ಹತ್ತು ಕಾಯಿ ಬಿಟ್ಟಿದ್ದೇವೆ. ಹಾಗಾಗಿ ಹಾಳೆಯಲ್ಲಿ ಎರಡನ್ನೂ ಬೇರೆ ಬೇರೆ ಇಡಿ. ಒಂದು ಕಡೆ ಬುಟ್ಟಿಯ ಬೆಲೆ, ಇನ್ನೊಂದು ಕಡೆ ನಿಜವಾದ ಖರ್ಚು. ಇವೆರಡರ ನಡುವಿನ ಅಂತರವೇ ನನಗೆ ಹೆಚ್ಚು ಕುತೂಹಲದ್ದು. ಮನೆಯವರು ಬಾಯಿಬಿಟ್ಟು ಹೇಳದೆ ಏನೇನು ಕಡಿಮೆ ಮಾಡಿಕೊಂಡರು ಅಂತ ಅದು ತೋರಿಸುತ್ತದೆ.

ಹಾಗಂತ ಹಳೆಯ ಅಳತೆಯನ್ನೇ ಹತ್ತು ವರ್ಷ ಹಿಡಿದುಕೊಂಡಿರಲೂ ಆಗದು. ಮಗ ಹಾಸ್ಟೆಲಿಗೆ ಹೋದ, ಅತ್ತೆಗೆ ಸಕ್ಕರೆ ಕಾಯಿಲೆ ಬಂತು, ಬುಟ್ಟಿಯೇ ಬದಲಾಯಿತು. ವರ್ಷಕ್ಕೊಮ್ಮೆ ಅಳತೆ ಹೊಸದಾಗಿ ಬರೆದು, ಅಲ್ಲಿಂದ ಹೊಸ ಲೆಕ್ಕ ಶುರು ಮಾಡುವುದು ಅನುಕೂಲ.

ಇನ್ನೊಂದು ಮಾತು. ಹೋಲಿಸುವಾಗ ಅದೇ ತಿಂಗಳನ್ನು ಹೋಲಿಸಿ. ಗೌರಿ ಗಣೇಶ ಹಬ್ಬದ ವಾರದ ಕಾಯಿ ಬೆಲೆಯನ್ನು ಜೂನ್ ಬೆಲೆಯ ಪಕ್ಕ ಇಟ್ಟರೆ ಕಾಣುವುದು ಹಬ್ಬ, ಹಣದುಬ್ಬರ ಅಲ್ಲ. ಹಬ್ಬವೇ ಒಂದು ವರ್ಷ ಆಗಸ್ಟಿಗೆ, ಇನ್ನೊಂದು ವರ್ಷ ಸೆಪ್ಟೆಂಬರಿಗೆ ಬೀಳುತ್ತದೆ. ಅಂಥ ತಿಂಗಳಲ್ಲಿ ಪಕ್ಕದಲ್ಲಿ ‘ಹಬ್ಬ’ ಅಂತ ಒಂದು ಟಿಪ್ಪಣಿ ಹಾಕಿಡಿ, ಮುಂದಿನ ವರ್ಷ ನೋಡಿದಾಗ ಗಾಬರಿಯಾಗುವುದಿಲ್ಲ. ಅಕ್ಕಿಯ ಸಾಲಿನಲ್ಲಿ ಹೊಸ ಅಕ್ಕಿಯೋ ಹಳೆ ಅಕ್ಕಿಯೋ ಅಂತಲೂ ಬರೆಯಿರಿ. ಹೊಸದರಿಂದ ಹಳೆಯದಕ್ಕೆ ಬದಲಾದಾಗ ಕೆಜಿಗೆ ಕೆಲವು ರೂಪಾಯಿ ಏರುತ್ತದೆ, ಅದು ಬೇರೆ ಅಕ್ಕಿಯ ಬೆಲೆ.

ಬಾಡಿಗೆ, ಶಾಲೆಯ ಫೀಸು, ಔಷಧಿ ಯಾವುದೂ ಈ ಹಾಳೆಯಲ್ಲಿಲ್ಲ. ಆದ್ದರಿಂದ 14.7 ಅನ್ನುವುದು ಅಡುಗೆಮನೆಯ ಅಂಕಿ ಮಾತ್ರ. ಸರ್ಕಾರದ 0.25ರಲ್ಲಿ ಮನೆ ಬಾಡಿಗೆಯಿಂದ ಬಸ್ ದರದವರೆಗೆ ಎಲ್ಲವೂ ಸೇರಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಜಗಳ ಆಡುವ ಮೊದಲು, ಹಾಳೆಯಲ್ಲಿ ಆ ಸಾಲುಗಳನ್ನೂ ಸೇರಿಸಬೇಕಾಗುತ್ತದೆ. ನಮಸ್ಕಾರ.