ಅಣ್ಣ ಬೇಡ ಅನ್ನುವ ಹಾಗಿರಲಿಲ್ಲ

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡೋಣ ಅಂದುಕೊಂಡಿದ್ದೆ. ಆದರೆ ಒಂದು ಕಾಮೆಂಟ್ ಎರಡು ದಿನದಿಂದ ತಲೆಯಲ್ಲೇ ಕೂತಿದೆ. ಕಳೆದ ಕಂತಿನಲ್ಲಿ ನಾನು ಬರೆದ ಕಥೆ ಓದಿದ್ದೆನಲ್ಲ, ರೈಲಿನಲ್ಲಿ ಅಣ್ಣ ತಮ್ಮ ಡ್ರಾಫ್ಟ್ಸ್ ಆಡುವುದು, ಕಾಯಿ ಓರೆಯಾಗಿ ಮುಂದಕ್ಕೆ ನಡೆದು ಎದುರಾಳಿಯ ಕಾಯಿಯನ್ನು ಹಾರಿ ಹೊಡೆಯುವ ಆಟ? ಅದಕ್ಕೆ ಒಬ್ಬರು ಹೀಗೆ ಬರೆದಿದ್ದಾರೆ: "ಅಣ್ಣ ಪೆದ್ದ. ತಮ್ಮ ಸುಮ್ನೆ ಕಾಯಿ ಕೊಟ್ಟಾಗಲೇ ಅನುಮಾನ ಬರಬೇಕಿತ್ತು. ಹೊಡೆಯದೆ ಬಿಟ್ಟಿದ್ದರೆ ಅವನೇ ಗೆಲ್ಲುತ್ತಿದ್ದ."

ಬಿಡುವ ಹಾಗಿಲ್ಲ ಸ್ವಾಮಿ! ಡ್ರಾಫ್ಟ್ಸ್‌ನಲ್ಲಿ ಹೊಡೆಯಲು ಕಾಯಿ ಸಿಕ್ಕರೆ ಹೊಡೆಯಲೇಬೇಕು. ಇಡೀ ಕಥೆ ನಿಂತಿರುವುದೇ ಅದರ ಮೇಲೆ.

ಒಂದು ಕಾಗದ ತಗೊಳ್ಳಿ. ಬೋರ್ಡಿನಲ್ಲಿ ಆಡುವ ಮನೆ 32. ಕಪ್ಪು ಕಾಯಿಯವನ ಕಡೆಯಿಂದ, ಪ್ರತಿ ಸಾಲಿನಲ್ಲೂ ಅವನ ಬಲದಿಂದ ಎಡಕ್ಕೆ, 1, 2, 3 ಅಂತ ಎಣಿಸುತ್ತಾ ಬರಬೇಕು. ಅಣ್ಣನ ಕಪ್ಪು ಕಾಯಿಗಳು 6, 14, 16, 28ರಲ್ಲಿವೆ. ತಮ್ಮನ ಬಿಳಿ ಕಾಯಿಗಳು 23, 27, 32ರಲ್ಲಿವೆ. ನಾಲ್ಕಕ್ಕೆ ಮೂರು. ಅಣ್ಣ ಗೆದ್ದೆ ಅಂದುಕೊಂಡು ಕಿಟಕಿ ಕಡೆ ತಿರುಗಿದ್ದಾನೆ. ಆಗ ತಮ್ಮ 23ರ ಕಾಯಿಯನ್ನು 19ಕ್ಕೆ ತಳ್ಳುತ್ತಾನೆ, ಸೀದಾ ಅಣ್ಣನ ಬಾಯಿಗೆ.

ಅಣ್ಣನಿಗೆ ಇರುವುದು ಒಂದೇ ನಡೆ. 16ರ ಕಾಯಿ 19ನ್ನು ಹಾರಿ 23ಕ್ಕೆ ಬರಬೇಕು. ಬರುತ್ತದೆ. ಅಲ್ಲಿಂದ ಮುಂದೆ 27ನ್ನು ಹಾರೋಣ ಅಂದರೆ ಹಿಂದಿನ ಮನೆಯಲ್ಲಿ, 32ರಲ್ಲಿ, ತಮ್ಮನ ಇನ್ನೊಂದು ಕಾಯಿ ಕೂತಿದೆ. ಈಗ ತಮ್ಮನ 27 ಎದ್ದಿತು. 23ನ್ನು ಹೊಡೆದು 18ಕ್ಕೆ, 14ನ್ನು ಹೊಡೆದು 9ಕ್ಕೆ, 6ನ್ನು ಹೊಡೆದು 2ಕ್ಕೆ. ಒಂದೇ ಸರದಿಯಲ್ಲಿ ಮೂರು ಕಾಯಿ ಹೋಯಿತು, ಅದು ರಾಜನೂ ಆಯಿತು. ಅಣ್ಣನಿಗೆ ಉಳಿದದ್ದು 28ರ ಒಂದು ಕಾಯಿ. ಅದಕ್ಕೆ ಇರುವ ಒಂದೇ ದಾರಿ 32, ಅದೂ ಮುಚ್ಚಿದೆ. ನಡೆಯಲು ಕಾಯಿ ಇಲ್ಲದವನು ಸೋತ ಹಾಗೆ. ಅಲ್ಲಿಗೆ ಆಟ ಮುಗಿಯಿತು.

ಇದರಲ್ಲಿ ಪೆದ್ದತನ ಎಲ್ಲಿದೆ ಹೇಳಿ? ತಮ್ಮ ಕೊಟ್ಟದ್ದು ಉಡುಗೊರೆ ಅಲ್ಲ, ಅಪ್ಪಣೆ. ಅಣ್ಣನ ಕೈಯನ್ನು ತಮ್ಮನೇ ಹಿಡಿದು ನಡೆಸಿದ ಹಾಗೆ.

"ಚೆಸ್‌ನಲ್ಲಿ ಬಲಿ ಕೊಟ್ಟ ಕಾಯಿಯನ್ನು ಬೇಡ ಅನ್ನಬಹುದಲ್ಲ" ಅಂತ ಇನ್ನೊಬ್ಬರು. ಅನ್ನಬಹುದು. ಅದು ಚೆಸ್. ಚೆಸ್‌ನ ಲೆಕ್ಕ ಇಲ್ಲಿಗೆ ತರಬೇಡಿ. ಬಲಿ ಕೊಟ್ಟರೆ ಎದುರಾಳಿಗೆ ದುರಾಸೆ ಹುಟ್ಟಬೇಕು ಅಂತ ಚೆಸ್ ಕಥೆಗಳಲ್ಲಿ ಬರೆಯಿರಿ. ಇಲ್ಲಿ ದುರಾಸೆ ಬೇಕಿಲ್ಲ. ಅಣ್ಣ ಬುದ್ಧಿವಂತ, ಮೂರು ನಡೆ ಮುಂದೆ ನೋಡಬಲ್ಲ, ಬೀಳುತ್ತಿರುವುದು ಅವನಿಗೆ ಕಾಣುತ್ತಿದೆ. ಆದರೂ ಹೊಡೆಯಲೇಬೇಕು. ನನಗೆ ಎದೆ ಹಿಂಡುವುದು ಅದೇ.

ಹಳೇ ಕಾಲದಲ್ಲಿ ಇನ್ನೊಂದು ನಿಯಮ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಹೊಡೆಯದೆ ಬೇರೆ ನಡೆ ನಡೆದರೆ, ಹೊಡೆಯಬೇಕಿದ್ದ ಕಾಯಿಯನ್ನು ಎದುರಾಳಿ ಎತ್ತಿಹಾಕಿ ತನ್ನ ನಡೆ ನಡೆಯಬಹುದಿತ್ತು. ಆ ಲೆಕ್ಕದಲ್ಲಿ, ತಮ್ಮ ಹಾಗೆ ಎತ್ತಿಹಾಕುವುದನ್ನೇ ಆರಿಸಿಕೊಂಡಿದ್ದರೆ, ಅಣ್ಣ 14ರ ಕಾಯಿಯನ್ನು 17ಕ್ಕೆ ಸರಿಸಿ, 16ನ್ನು ಕಳೆದುಕೊಂಡು, ಮೂರಕ್ಕೆ ಮೂರರಲ್ಲಿ ಆಟ ಮುಂದುವರಿಸುತ್ತಿದ್ದ. ತಮ್ಮನ ಉಪಾಯ ಅಲ್ಲೇ ಸತ್ತಿರುತ್ತಿತ್ತು. ಈಗ ಪಂದ್ಯಗಳಲ್ಲಿ ಆ ನಿಯಮ ಇಲ್ಲ. ಅದಕ್ಕೇ ಕಥೆಯ ಮೊದಲಲ್ಲೇ ಒಂದು ಜಾಗ ಇಟ್ಟಿದ್ದೆ. ತಮ್ಮ ಹಿಂಜರಿದಾಗ ಅಣ್ಣ ಗದರುತ್ತಾನೆ: "ಲೋ, ಹೊಡಿ. ಹೊಡೆಯಲೇಬೇಕು." ಅದನ್ನು ಯಾರೂ ಗಮನಿಸಲಿಲ್ಲ ಅಲ್ವಾ? ಆ ಕಂತು ಕೇಳದವರು ಕೇಳಿ, ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿ, ಆಮೇಲೆ ಜಗಳಕ್ಕೆ ಬನ್ನಿ.

ಮತ್ತೊಬ್ಬರ ಪ್ರಕಾರ ರೈಲು ಕುಲುಕಿ ಕಾಯಿ ಜರುಗಿ ಅಣ್ಣ ಸೋಲಬೇಕಿತ್ತಂತೆ, ಅದು ಸಹಜವಂತೆ! ಬೇಡವೇ ಬೇಡ. ಅದಕ್ಕೇ ನಾನು ಅವರಿಗೆ ಅಯಸ್ಕಾಂತದ ಕಾಯಿ ಕೊಟ್ಟದ್ದು. ಗಾಡಿ ಹಳಿ ಬದಲಿಸುವಾಗ ಬೋರ್ಡ್ ಮೊಣಕಾಲಿನಿಂದ ಜಾರುತ್ತದೆ, ಕಾಯಿ ಜಾರುವುದಿಲ್ಲ. ಅಣ್ಣ 16ರ ಕಾಯಿಯನ್ನು ಹಿಡಿದು ಎತ್ತುವಾಗ ಅದು ಸ್ವಲ್ಪ ಅಂಟಿಕೊಳ್ಳುತ್ತದೆ. ತಮ್ಮ ಮೆಲ್ಲಗೆ ಹೇಳುತ್ತಾನೆ: "ಹೊಡಿ ಅಣ್ಣ. ನೀನೇ ಹೇಳಿದ್ದಲ್ವಾ?" ಟಕ್ ಅಂತ ಕಾಯಿ 23ರಲ್ಲಿ ಕೂರುತ್ತದೆ.

ಆ ಟಕ್ ಬರೆಯುವಾಗ ನನ್ನ ಕೈ ನಡುಗಿತ್ತು. ಅದನ್ನು ಪೆದ್ದತನ ಅಂದರೆ ಹೇಗೆ ಸುಮ್ಮನಿರಲಿ? ಕಾಮೆಂಟ್ ಹಾಕಿದವರೇ, ನಾಲ್ಕು ಕಪ್ಪು, ಮೂರು ಬಿಳಿ ಇಡಿ. 23ರಿಂದ 19ಕ್ಕೆ ತಳ್ಳಿ. ಅಣ್ಣನಿಗೆ ಬೇರೆ ನಡೆ ಸಿಕ್ಕರೆ ಬರೆದು ಕಳಿಸಿ, ಮುಂದಿನ ಕಂತಿನಲ್ಲಿ ಓದುತ್ತೇನೆ.